ಹಾಸಿಗೆ ಹಿಡಿದ ರೋಗಿಯ ಶಕ್ತಿ ಅಗತ್ಯ: ತೂಕ, ಗಾಯ ಮತ್ತು ಒತ್ತಡ ಗುಣಕಗಳಿಂದ ಅಂದಾಜು

ಆಸ್ಪತ್ರೆಯಲ್ಲಿ ಮಲಗಿರುವ ವಯಸ್ಕ ರೋಗಿಗೆ ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು ಎಂಬುದನ್ನು ಅವನ ತೂಕದಿಂದ ಲೆಕ್ಕ ಹಾಕಿ, ಕಾಯಿಲೆಯ ಅಥವಾ ಗಾಯದ ತೀವ್ರತೆಗೆ ತಕ್ಕ ಗುಣಕದಿಂದ ಹಿಗ್ಗಿಸುವ ವಿಧಾನ ಇದು. ಶಾಸ್ತ್ರದ ಪ್ರಕಾರ ಇಲ್ಲಿ ಹೇಳಬೇಕಾದದ್ದು ಕಿಲೊ ಕ್ಯಾಲೊರಿ. ರೂಢಿಯ ಮಾತಿನಂತೆ ಈ ಲೇಖನದಲ್ಲೂ ಅದನ್ನು ಕ್ಯಾಲೊರಿ ಎಂದೇ ಕರೆದಿದೆ. ಲೆಕ್ಕದ ಹೆಜ್ಜೆಗಳು ಮೂರು. ಏನೂ ಮಾಡದೆ ಸುಮ್ಮನೆ ಮಲಗಿದ್ದರೂ ಉಸಿರಾಟಕ್ಕೆ, ಹೃದಯದ ಬಡಿತಕ್ಕೆ, ಮೈ ಬಿಸಿಗೆ ದೇಹ ಖರ್ಚು ಮಾಡುವ ಶಕ್ತಿಯನ್ನು ಮೊದಲು ಅಂದಾಜು ಮಾಡುತ್ತಾರೆ. ಇದು ಮೂಲ ಚಯಾಪಚಯ. ಅದನ್ನು ರೋಗಿಯ ಚಲನವಲನಕ್ಕೆ ತಕ್ಕ ಚಟುವಟಿಕೆ ಗುಣಕದಿಂದ ಗುಣಿಸುತ್ತಾರೆ. ಬಂದದ್ದನ್ನು ಮತ್ತೆ ಗಾಯ ಗುಣಕದಿಂದ, ಅಂದರೆ ಒತ್ತಡ ಗುಣಕದಿಂದ ಗುಣಿಸುತ್ತಾರೆ. ಒತ್ತಡ ಎಂದರೆ ಇಲ್ಲಿ ಮನಸ್ಸಿನ ಆತಂಕವಲ್ಲ. ಮೂಳೆ ಮುರಿತ, ಶಸ್ತ್ರಚಿಕಿತ್ಸೆ, ಸೋಂಕು, ಸುಟ್ಟಗಾಯ ಇವು ದೇಹದ ಮೇಲೆ ಹೇರುವ ಹೊರೆ.

ಮೂಲ ಚಯಾಪಚಯಕ್ಕೆ ತೂಕವೊಂದರಿಂದಲೇ ಸಿಗುವ ಅತಿ ಸರಳ ಅಂದಾಜು ಹೀಗಿದೆ: ಗಂಡಸರಿಗೆ ಗಂಟೆಗೆ, ಪ್ರತಿ ಕಿಲೊಗ್ರಾಂ ತೂಕಕ್ಕೆ 1 ಕ್ಯಾಲೊರಿ, ಹೆಂಗಸರಿಗೆ 0.9. ದಿನಕ್ಕೆ 24 ಗಂಟೆ. ಹಾಗಾಗಿ 54 ಕಿಲೊ ತೂಗುವ ಗಂಡಸಿಗೆ 54 × 24, ಅಂದರೆ ಸುಮಾರು 1300 ಕ್ಯಾಲೊರಿ. ಕಾಗದ ಪೆನ್ಸಿಲು ಇಲ್ಲದೆಯೂ ಮಂಚದ ಪಕ್ಕದಲ್ಲಿ ನಿಂತು ಮಾಡಬಹುದಾದ ಲೆಕ್ಕ ಇದು.

ಸೂತ್ರಗಳು ಬಂದ ಬಗೆ

ಎತ್ತರ, ವಯಸ್ಸುಗಳನ್ನೂ ಸೇರಿಸಿಕೊಂಡ ಸೂತ್ರವನ್ನು ಅಮೆರಿಕದ ಜೇಮ್ಸ್ ಆರ್ಥರ್ ಹ್ಯಾರಿಸ್ ಮತ್ತು ಫ್ರಾನ್ಸಿಸ್ ಗ್ಯಾನೊ ಬೆನೆಡಿಕ್ಟ್ 1919ರಲ್ಲಿ ಪ್ರಕಟಿಸಿದರು. 136 ಗಂಡಸರು, 103 ಹೆಂಗಸರು ಖಾಲಿ ಹೊಟ್ಟೆಯಲ್ಲಿ ವಿಶ್ರಾಂತಿಯಲ್ಲಿದ್ದಾಗ ಅವರ ಉಸಿರಿನ ಅನಿಲಗಳನ್ನು ಅಳೆದು ಕಟ್ಟಿದ ಸೂತ್ರ ಅದು. ಅವರೆಲ್ಲ ಆರೋಗ್ಯವಂತರು ಎಂಬುದನ್ನು ನೆನಪಿಡಬೇಕು. ಆ 239 ಮಂದಿಯಲ್ಲಿ ಜ್ವರದಿಂದ ನರಳುತ್ತಿದ್ದವನಾಗಲಿ, ಕಾಲು ಮುರಿದುಕೊಂಡವನಾಗಲಿ ಇರಲಿಲ್ಲ.

ಗಾಯಗೊಂಡ ದೇಹದ ಕಥೆ ಬೇರೆ ಎಂದು ತೋರಿಸಿದವರು ಗ್ಲಾಸ್ಗೋದ ಡೇವಿಡ್ ಕತ್‌ಬರ್ಟ್‌ಸನ್. ಕಾಲಿನ ಮೂಳೆ ಮುರಿದು ಮಲಗಿದವರ ಮೂತ್ರವನ್ನು 1930ರ ಆಸುಪಾಸಿನಲ್ಲಿ ಪರೀಕ್ಷಿಸಿದ ಅವರಿಗೆ, ಅದರಲ್ಲಿ ಸಾರಜನಕ ವಿಪರೀತ ಹೋಗುತ್ತಿರುವುದು ಕಂಡಿತು. ಸುಮ್ಮನೆ ಮಲಗಿದ್ದರಿಂದ ಸ್ನಾಯು ಸವೆಯುತ್ತದೆ ಎನ್ನುವುದಷ್ಟರಿಂದಲೇ ಆ ಪ್ರಮಾಣಕ್ಕೆ ಸಮಜಾಯಿಷಿ ಸಿಗುತ್ತಿರಲಿಲ್ಲ. ಪೆಟ್ಟು ಬಿದ್ದ ದೇಹ ತನ್ನ ಸ್ನಾಯುವನ್ನೇ ಕರಗಿಸಿ ಉರಿಸುತ್ತಿತ್ತು. ಪೆಟ್ಟಾದ ಕೂಡಲೇ ದೇಹ ತಣ್ಣಗಾಗಿ ಖರ್ಚು ಇಳಿಯುವ ಮೊದಲ ಹಂತ, ಆಮೇಲೆ ಮೈ ಬಿಸಿಯೇರಿ ಖರ್ಚು ಹೆಚ್ಚುವ ಎರಡನೆಯ ಹಂತ ಎಂದು 1942ರಲ್ಲಿ ಅವರು ವಿಂಗಡಿಸಿದರು. ಕಡಲಿನ ಇಳಿತ, ಉಬ್ಬರಗಳ ಹೆಸರನ್ನೇ ಅವಕ್ಕೆ ಇಟ್ಟರು.

ಈ ಎರಡು ಎಳೆಗಳನ್ನು ಹೊಸೆದದ್ದು 1979ರಲ್ಲಿ ಕ್ಯಾಲ್ವಿನ್ ಲಾಂಗ್ ಮತ್ತು ಸಂಗಡಿಗರ ಪ್ರಬಂಧ. ಹ್ಯಾರಿಸ್–ಬೆನೆಡಿಕ್ಟ್ ಸೂತ್ರದ ಉತ್ತರವನ್ನು ಹಾಸಿಗೆಯಲ್ಲೇ ಇರುವ ರೋಗಿಗಾದರೆ 1.2ರಿಂದ, ಎದ್ದು ಓಡಾಡುವವನಿಗಾದರೆ 1.3ರಿಂದ ಗುಣಿಸಿ ಎಂದರು. ಆಮೇಲೆ ಗಾಯದ ಗುಣಕ: ಸಣ್ಣ ಶಸ್ತ್ರಚಿಕಿತ್ಸೆಗೆ 1.2, ಮೂಳೆ ಮುರಿತಕ್ಕೆ 1.35, ತೀವ್ರ ಸೋಂಕಿಗೆ 1.6, ದೊಡ್ಡ ಸುಟ್ಟಗಾಯಕ್ಕೆ 2.1. ಪಠ್ಯಪುಸ್ತಕಗಳಲ್ಲಿ, ಡಯಟೀಷಿಯನ್‌ಗಳ ಕೈಪಿಡಿಗಳಲ್ಲಿ ಇಂದಿಗೂ ಕಾಣುವ ಕೋಷ್ಟಕಗಳ ಬೇರು ಇಲ್ಲಿದೆ.

ಭಾರತೀಯರ ಮಟ್ಟಿಗೆ ಒಂದು ತಿದ್ದುಪಡಿ ಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಸ್ವೀಕರಿಸಿದ ತೂಕಾಧಾರಿತ ಸೂತ್ರಗಳು ನಮ್ಮವರ ಮೂಲ ಚಯಾಪಚಯವನ್ನು ತುಸು ಹೆಚ್ಚಾಗಿ ತೋರಿಸುತ್ತವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅವನ್ನು ಶೇಕಡಾ 5ರಷ್ಟು ಇಳಿಸಿ ಬಳಸಿತು. ಭಾರತೀಯರ ಮೂಲ ಚಯಾಪಚಯದ ಅಳತೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರ ಕೆಲಸ ದೊಡ್ಡದು. ಮಂಡಳಿಯ ಸೂತ್ರದಂತೆ 30ರಿಂದ 60 ವರ್ಷದ ಗಂಡಸಿಗೆ ತೂಕವನ್ನು 10.9ರಿಂದ ಗುಣಿಸಿ 833 ಕೂಡಿಸಬೇಕು. ಅದೇ ವಯಸ್ಸಿನ ಹೆಂಗಸಿಗೆ 8.3ರಿಂದ ಗುಣಿಸಿ 788 ಕೂಡಿಸಬೇಕು.

ಒಂದು ಉದಾಹರಣೆ

ಲೆಕ್ಕ ಎಲ್ಲಿ ಸರಿ ಹೋಗುತ್ತದೆ, ಎಲ್ಲಿ ಜಾರುತ್ತದೆ ಎಂದು ನೋಡಲು ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ಮಲೆನಾಡಿನ ತೋಟದಲ್ಲಿ ಅಡಿಕೆ ಕೊನೆ ಇಳಿಸುತ್ತಿದ್ದವನು ಮರದಿಂದ ಬಿದ್ದಿದ್ದಾನೆ. ವಯಸ್ಸು 45, ಎತ್ತರ 165 ಸೆಂಟಿಮೀಟರ್, ತೂಕ 54 ಕಿಲೊ. ತೊಡೆಮೂಳೆ ಮುರಿದಿದೆ. ಮಾರನೆಯ ದಿನವೇ ಒಳಗೆ ರಾಡ್ ಹಾಕಿ ಮೂಳೆ ಕೂಡಿಸಿದ್ದಾರೆ. ಈಗ ವಾರ್ಡಿನಲ್ಲಿ ಅಂಗಾತ ಮಲಗಿದ್ದಾನೆ.

ಗಂಟೆಗೊಂದು ಕ್ಯಾಲೊರಿಯ ಲೆಕ್ಕದಲ್ಲಿ ಅವನ ಮೂಲ ಚಯಾಪಚಯ 1300. ಹ್ಯಾರಿಸ್–ಬೆನೆಡಿಕ್ಟ್ ಸೂತ್ರ ಕೊಡುವುದು 1330. ವೈದ್ಯಕೀಯ ಸಂಶೋಧನಾ ಮಂಡಳಿಯ ಸೂತ್ರದಿಂದ 1420. ಮೂರಕ್ಕೂ ನಡುವಿನ ಅಂತರ ಹೆಚ್ಚೆಂದರೆ 120 ಕ್ಯಾಲೊರಿ. ಯಾವ ಸೂತ್ರ ಶ್ರೇಷ್ಠ ಎಂದು ವಾದ ಮಾಡುವುದರಲ್ಲಿ ಅಷ್ಟು ಹುರುಳಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಲೆಕ್ಕ ಕೆಡುವುದು ಮುಂದಿನ ಹೆಜ್ಜೆಯಲ್ಲಿ.

1300ನ್ನು ಹಾಸಿಗೆಯ 1.2ರಿಂದ ಗುಣಿಸಿದರೆ 1560. ಅದನ್ನು ಮೂಳೆ ಮುರಿತದ 1.35ರಿಂದ ಗುಣಿಸಿದರೆ 2100 ದಾಟುತ್ತದೆ. ಅಂದರೆ ಕಿಲೊ ತೂಕಕ್ಕೆ 39 ಕ್ಯಾಲೊರಿ. ಈಗಿನ ಆಸ್ಪತ್ರೆಗಳಲ್ಲಿ ಇಂಥ ರೋಗಿಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ ಕಿಲೊಗೆ 25ರಿಂದ 30, ಅಂದರೆ 1350ರಿಂದ 1620. ನಡುವೆ ಸುಮಾರು 500 ಕ್ಯಾಲೊರಿಯ ಕಂದರವಿದೆ.

ಈ ಕಂದರಕ್ಕೆ ಕಾರಣ ಅಳತೆಯ ತಪ್ಪಷ್ಟೇ ಅಲ್ಲ, ಚಿಕಿತ್ಸೆಯೂ ಬದಲಾಗಿದೆ. ಹಿಂದೆ ತೊಡೆ ಮುರಿದವನನ್ನು ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ ಮಲಗಿಸುತ್ತಿದ್ದರು. ನೋವು, ಮೂಳೆಯ ಅಲುಗಾಟ, ಜ್ವರ ಎಲ್ಲವೂ ಜೊತೆಗಿರುತ್ತಿದ್ದವು. ಈಗ ಬೇಗ ಶಸ್ತ್ರಚಿಕಿತ್ಸೆ ಮಾಡುತ್ತಾರೆ, ನೋವನ್ನೂ ಸೋಂಕನ್ನೂ ಆರಂಭದಲ್ಲೇ ತಡೆಯುತ್ತಾರೆ. ದೇಹದ ಉರಿ ಅಷ್ಟು ಏರುವುದಿಲ್ಲ. ಅದಲ್ಲದೆ, ನಿದ್ರೆಯ ಔಷಧಿ ಕೊಟ್ಟು ಉಸಿರಾಟದ ಯಂತ್ರಕ್ಕೆ ಹಾಕಿದ ರೋಗಿ ಕೈಕಾಲು ಕೂಡ ಆಡಿಸುವುದಿಲ್ಲ. ಅವನಿಗೆ ಚಟುವಟಿಕೆಯ ಗುಣಕವೆಂದು 20 ಶೇಕಡಾ ಕೂಡಿಸುವುದಕ್ಕೆ ಆಧಾರವೇ ಇಲ್ಲ. ಬ್ರಿಟನ್ನಿನ ಡಯಟೀಷಿಯನ್‌ಗಳ ರೂಢಿಯಲ್ಲಿ ಹೀಗೆ ಅಲುಗಾಡದೆ ಮಲಗಿದವನಿಗೆ ಸೇರಿಸುತ್ತಿದ್ದದ್ದು ಶೇಕಡಾ 10 ಮಾತ್ರ. ಅವರು ಒಂದರ ಮೇಲೊಂದು ಗುಣಿಸದೆ, ಮೂಲದ ಮೇಲೆ ಶೇಕಡಾವಾರು ಕೂಡಿಸುತ್ತಿದ್ದರು. ಗುಣಿಸಿದಾಗ ಒಂದು ಅಂದಾಜಿನ ದೋಷ ಇನ್ನೊಂದರ ಮೇಲೆ ಬೆಳೆಯುತ್ತದೆ. ಕೂಡಿಸಿದಾಗ ಆ ಬೆಳವಣಿಗೆ ಕಡಿಮೆ. ನನ್ನ ಮಟ್ಟಿಗೆ ಕೂಡಿಸುವ ದಾರಿಯೇ ಲೇಸು.

ನಮ್ಮ ಕೊನೆ ಕೊಯ್ಯುವವನಿಗೆ 1500 ಕ್ಯಾಲೊರಿಯನ್ನು ಗುರಿಯೆಂದು ಇಟ್ಟುಕೊಳ್ಳೋಣ. ಕಿಲೊಗೆ 28ರಷ್ಟಾಯಿತು. ಪ್ರೋಟೀನನ್ನು ಈ ಲೆಕ್ಕದಿಂದ ತೆಗೆಯುವುದಿಲ್ಲ; ಅದಕ್ಕೆ ಬೇರೆಯೇ ಲೆಕ್ಕ. ಕಿಲೊಗೆ 1.3 ಗ್ರಾಂ ಹಿಡಿದರೆ ದಿನಕ್ಕೆ 70 ಗ್ರಾಂ. ಕತ್‌ಬರ್ಟ್‌ಸನ್ ಕಂಡ ಸ್ನಾಯು ಕರಗುವಿಕೆಯನ್ನು ಬರೀ ಕ್ಯಾಲೊರಿ ಸುರಿದು ನಿಲ್ಲಿಸಲಾಗದು ಎಂಬುದು ಇದರ ಹಿಂದಿನ ತಿಳಿವಳಿಕೆ.

ಯಾವ ತೂಕ?

ಐದನೆಯ ದಿನ ಅವನಿಗೆ ಶಸ್ತ್ರಚಿಕಿತ್ಸೆಯ ಗಾಯದಲ್ಲಿ ಸೋಂಕಾಯಿತು ಎಂದಿಟ್ಟುಕೊಳ್ಳಿ. ಮೈ 39 ಡಿಗ್ರಿ ಸುಡುತ್ತಿದೆ. ರಕ್ತದೊತ್ತಡ ಕುಸಿಯದಿರಲೆಂದು ಬಾಟಲಿಗಟ್ಟಲೆ ಸಲೈನ್ ಕೊಟ್ಟಿದ್ದಾರೆ. ಮಂಚದ ಕೆಳಗಿನ ತಕ್ಕಡಿ ಈಗ 59 ಕಿಲೊ ತೋರಿಸುತ್ತದೆ. ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೆಯೇ ಉಳಿಯುತ್ತದೆ. ಏರಿದ 5 ಕಿಲೊ ಪೂರ್ತಿ ನೀರು. ನೀರು ಏನನ್ನೂ ಉರಿಸುವುದಿಲ್ಲ, ಅದಕ್ಕೆ ಅನ್ನ ಬೇಕಿಲ್ಲ.

ಈಗ ಅವಸರದಲ್ಲಿರುವ ಯಾರೋ ಹೊಸದಾಗಿ ಲೆಕ್ಕ ಹಾಕುತ್ತಾರೆ. 59 × 24 ಎಂದರೆ 1416. ಹಾಸಿಗೆಗೆ 1.2, ತೀವ್ರ ಸೋಂಕಿಗೆ 1.6. ಅಲ್ಲಿಗೆ 2720. ಜ್ವರದ ಪ್ರತಿ ಡಿಗ್ರಿಗೆ ಚಯಾಪಚಯ ಸುಮಾರು 13 ಶೇಕಡಾ ಏರುತ್ತದೆ ಎಂಬ ಹಳೆಯ ನಿಯಮವೂ ನೆನಪಾಗಿ, 2 ಡಿಗ್ರಿಗೆ 26 ಶೇಕಡಾ ಸೇರಿಸುತ್ತಾರೆ. ಉತ್ತರ 3425! ಕೂಲಿ ಮಾಡುವ ದಿನಗಳಲ್ಲೂ ಅವನು ಇಷ್ಟು ಉಣ್ಣುತ್ತಿದ್ದನೋ ಇಲ್ಲವೋ. ಪ್ರತಿ ಹೆಜ್ಜೆಗೂ ಒಂದು ಪುಸ್ತಕದ ಆಧಾರವಿದೆ, ಒಟ್ಟು ಮಾತ್ರ ಅಪಾಯಕಾರಿ. ನೀರನ್ನು ದೇಹವೆಂದು ಎಣಿಸಿದ್ದು ಒಂದು ತಪ್ಪು. ಸೋಂಕಿನ ಗುಣಕದೊಳಗೆ ಜ್ವರ ಆಗಲೇ ಸೇರಿಹೋಗಿದೆ. ಅದನ್ನು ಮತ್ತೆ ಎಣಿಸಿದ್ದು ಎರಡನೆಯ ತಪ್ಪು. ಒಬ್ಬ ರೋಗಿಗೆ ಒಂದೇ ಒತ್ತಡ ಗುಣಕ, ಅದೂ ಆತನ ತೊಂದರೆಗಳಲ್ಲಿ ದೊಡ್ಡದಕ್ಕೆ ಸಂಬಂಧಿಸಿದ್ದು, ಎಂಬ ಕಟ್ಟುಪಾಡು ಇದಕ್ಕಾಗಿಯೇ ಇದೆ.

ಹೀಗಾಗಿ ಊತವಿದ್ದಾಗ ಲೆಕ್ಕಕ್ಕೆ ಹಿಡಿಯಬೇಕಾದದ್ದು ಊತ ಬರುವ ಮೊದಲಿನ ತೂಕ. ಅದು ಗೊತ್ತಿಲ್ಲದಿದ್ದರೆ ಕಳೆಯಲು ಒರಟು ಅಂದಾಜುಗಳಿವೆ: ಪಾದಗಳಲ್ಲಿ ಮಧ್ಯಮ ಊತಕ್ಕೆ 5 ಕಿಲೊ, ತೀವ್ರ ಊತಕ್ಕೆ 10, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಮಧ್ಯಮಕ್ಕೆ 6, ತೀವ್ರಕ್ಕೆ 14. ಕಾಲು ಕತ್ತರಿಸಿದವರಲ್ಲಿ ಬೇರೆ ಬಗೆಯ ಎಚ್ಚರ ಬೇಕು. ಮಂಡಿಯಿಂದ ಕೆಳಗಿನ ಭಾಗ ಮೈತೂಕದ ಸುಮಾರು 6 ಶೇಕಡಾ, ಪೂರ್ತಿ ಕಾಲು 16 ಶೇಕಡಾ. ತುಂಬಾ ದಪ್ಪಗಿರುವವರಲ್ಲಿ ತದ್ವಿರುದ್ಧ ಸಮಸ್ಯೆ: ಕೊಬ್ಬು ಸ್ನಾಯುವಿನಷ್ಟು ಉರಿಸುವುದಿಲ್ಲ. ಆದ್ದರಿಂದ ದೇಹ ಸೂಚ್ಯಂಕ 30ರಿಂದ 50ರವರೆಗಿನ ಐಸಿಯು ರೋಗಿಗಳಿಗೆ ನಿಜ ತೂಕದ ಕಿಲೊಗೆ 11ರಿಂದ 14 ಕ್ಯಾಲೊರಿ ಸಾಕೆಂದು ಅಮೆರಿಕದ 2016ರ ಮಾರ್ಗಸೂಚಿ ಹೇಳಿತು.

ಎದ್ದು ನಿಲ್ಲಲಾರದವರ ತೂಕ ನೋಡುವುದೇ ಎಷ್ಟೋ ಆಸ್ಪತ್ರೆಗಳಲ್ಲಿ ಆಗದ ಮಾತು. ಮಂಚದ ತಕ್ಕಡಿ ಎಲ್ಲ ಕಡೆ ಇರುವುದಿಲ್ಲ. ಆಗ ಕೇಸ್ ಶೀಟಿನಲ್ಲಿ ಒಂದು ದುಂಡು ಸಂಖ್ಯೆ, 60 ಎಂದೋ 70 ಎಂದೋ, ಬಂದು ಕೂರುತ್ತದೆ. 54 ಇದ್ದದ್ದು 70 ಎಂದಾದರೆ ಗುಣಕಗಳಿಗೆ ಮೊದಲೇ ಲೆಕ್ಕ 30 ಶೇಕಡಾ ತಪ್ಪಿತು. ಅದಕ್ಕಿಂತ ಮನೆಯವರನ್ನು ಕೇಳಿ ಹಳೆಯ ಚೀಟಿಯಲ್ಲಿರುವ ತೂಕ ಪತ್ತೆ ಮಾಡುವುದು ಮೇಲು. ತೋಳಿನ ನಡುಭಾಗಕ್ಕೆ ಟೇಪು ಸುತ್ತಿ ನೋಡುವುದೂ ಉಂಟು, ಸುತ್ತಳತೆ 23.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ದೇಹ ಸೂಚ್ಯಂಕ 20ಕ್ಕಿಂತ ಕೆಳಗಿರುವ ಸಂಭವ ಹೆಚ್ಚು.

ಮೊದಲ ವಾರ

ಅಗತ್ಯ 1500 ಎಂದು ಗೊತ್ತಾದ ಮಾತ್ರಕ್ಕೆ ಮೊದಲ ದಿನವೇ 1500 ಕೊಡಬೇಕೆಂದಲ್ಲ. ತೀವ್ರ ಕಾಯಿಲೆಯ ಆರಂಭದಲ್ಲಿ ದೇಹ ತನ್ನ ಯಕೃತ್ತಿನಲ್ಲಿ ತಾನೇ ಸಕ್ಕರೆ ತಯಾರಿಸುತ್ತಿರುತ್ತದೆ, ಹೊರಗಿನಿಂದ ಎಷ್ಟು ಕೊಟ್ಟರೂ ಆ ತಯಾರಿಕೆ ಪೂರ್ತಿ ನಿಲ್ಲುವುದಿಲ್ಲ. ಒಳಗಿನದೂ ಹೊರಗಿನದೂ ಸೇರಿ ಮಿತಿ ಮೀರುತ್ತದೆ. ಆದ್ದರಿಂದ, ಅಳೆಯುವ ಯಂತ್ರವಿಲ್ಲದೆ ಸೂತ್ರದಿಂದಲೇ ಅಂದಾಜು ಮಾಡಿದ್ದರೆ, ಐಸಿಯುವಿನ ಮೊದಲ ವಾರ ಆ ಅಂದಾಜಿನ 70 ಶೇಕಡಾಕ್ಕಿಂತ ಕೆಳಗೇ ಇರುವುದು ಲೇಸು ಎಂದು ಯೂರೋಪಿನ 2019ರ ಮಾರ್ಗಸೂಚಿ ಹೇಳುತ್ತದೆ. ನಮ್ಮ ರೋಗಿ ಸೋಂಕು ಉಲ್ಬಣಿಸಿ ಐಸಿಯುವಿಗೆ ಹೋದರೆ ಅಲ್ಲಿನ ಮೊದಲ ದಿನಗಳಲ್ಲಿ 1050ರೊಳಗೆ ಇರಬೇಕು.

ಇದಕ್ಕಿಂತ ಕಟ್ಟೆಚ್ಚರ ಬೇಕಾದವರು ಬಹಳ ದಿನ ಉಪವಾಸವಿದ್ದವರು. ಹತ್ತು ದಿನಕ್ಕೂ ಮೀರಿ ಹೆಚ್ಚುಕಡಿಮೆ ಏನನ್ನೂ ತಿನ್ನದವನು, ಕೆಲವೇ ತಿಂಗಳಲ್ಲಿ ತೂಕದ 15 ಶೇಕಡಾಕ್ಕಿಂತ ಹೆಚ್ಚು ಕಳೆದುಕೊಂಡವನು, ದೇಹ ಸೂಚ್ಯಂಕ 16ಕ್ಕಿಂತ ಕಡಿಮೆಯಿರುವವನು – ಇವರಿಗೆ ಏಕಾಏಕಿ ಹೊಟ್ಟೆ ತುಂಬ ಉಣಿಸಿದರೆ ಇನ್ಸುಲಿನ್ ಏರಿ, ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ನುಗ್ಗುತ್ತವೆ. ರಕ್ತದಲ್ಲಿ ಅವು ತೀರ ಕುಸಿದಾಗ ಹೃದಯದ ಲಯ ತಪ್ಪಬಹುದು, ಉಸಿರಾಟದ ಸ್ನಾಯುಗಳು ಸೋಲಬಹುದು. ಬ್ರಿಟನ್ನಿನ 2006ರ ಮಾರ್ಗಸೂಚಿಯಂತೆ ಇಂಥವರಿಗೆ ಕಿಲೊಗೆ ಹೆಚ್ಚೆಂದರೆ 10 ಕ್ಯಾಲೊರಿಯಿಂದ ಆರಂಭಿಸಿ, 4ರಿಂದ 7 ದಿನಗಳಲ್ಲಿ ಪೂರ್ತಿ ಅಗತ್ಯಕ್ಕೆ ಏರಿಸಬೇಕು. ಊಟಕ್ಕೂ ಮೊದಲೇ ಥಯಾಮಿನ್ ಕೊಡಬೇಕು. 54 ಕಿಲೊದವನಿಗೆ ಆರಂಭದ ಕ್ಯಾಲೊರಿ 540. ಒತ್ತಡ ಗುಣಕದ ಮಾತು ಇಲ್ಲಿ ಬರುವುದೇ ಇಲ್ಲ.

ಬರೆದದ್ದು ಮತ್ತು ಹೊಟ್ಟೆ ಸೇರಿದ್ದು

ಲೆಕ್ಕದ ಎದುರು ಪಕ್ಕದಲ್ಲಿ ಬರೆಯಬೇಕಾದ ಇನ್ನೊಂದು ಸಂಖ್ಯೆಯಿದೆ: ನಿಜಕ್ಕೂ ಎಷ್ಟು ಹೋಯಿತು. ದಿನಕ್ಕೆ 2 ಲೀಟರ್ 5 ಶೇಕಡಾ ಗ್ಲೂಕೋಸ್ ಬಾಟಲಿ ಏರಿಸಿದ್ದರೆ ಅದರಲ್ಲೇ 340 ಕ್ಯಾಲೊರಿ ಇದೆ, ಪ್ರೋಟೀನ್ ಮಾತ್ರ ಒಂದು ಗ್ರಾಮೂ ಇಲ್ಲ. ನಿದ್ರೆಗಾಗಿ ಕೊಡುವ ಹಾಲುಬಣ್ಣದ ಪ್ರೊಪೊಫಾಲ್‌ನ ಪ್ರತಿ ಮಿಲಿಲೀಟರಿನಲ್ಲಿ ಕೊಬ್ಬಿನಿಂದ ಬರುವ 1.1 ಕ್ಯಾಲೊರಿ ಇರುತ್ತದೆ. ಇವನ್ನು ಎಣಿಸದಿದ್ದರೆ ಮಿತಿ ಮೀರುತ್ತದೆ.

ಕೊರತೆಯಾಗುವುದು ಮೂಗಿನ ನಳಿಕೆಯ ಆಹಾರದಲ್ಲಿ. ದಿನಕ್ಕೆ ಆರು ಸಲ, ಸಲಕ್ಕೆ 250 ಮಿಲಿಲೀಟರ್, ಒಟ್ಟು 1500 ಮಿಲಿಲೀಟರ್, ಅಷ್ಟೇ ಕ್ಯಾಲೊರಿ ಎಂದು ಬರೆದಿರುತ್ತಾರೆ. ಬೆಳಗ್ಗೆ ಸ್ಕ್ಯಾನಿಗೆ ಕರೆದೊಯ್ದಾಗ ಒಂದು ಸಲ ತಪ್ಪಿತು. ಗಾಯದ ಡ್ರೆಸ್ಸಿಂಗಿಗೆಂದು ಖಾಲಿ ಹೊಟ್ಟೆ ಇರಿಸಿದಾಗ ಇನ್ನೊಂದು. ಉಳಿದದ್ದು 1000 ಮಿಲಿಲೀಟರ್. ಅದೂ ಅಡುಗೆಮನೆಯಲ್ಲಿ ಅರೆದು ಸೋಸಿದ ದ್ರವವಾಗಿದ್ದರೆ, ನಳಿಕೆ ಕಟ್ಟಿಕೊಳ್ಳದಿರಲೆಂದು ನೀರು ಬೆರೆಸಿ ಮಿಲಿಲೀಟರಿಗೆ 0.6 ಕ್ಯಾಲೊರಿಗೆ ಇಳಿದಿರಬಹುದು. ಹೊಟ್ಟೆ ಸೇರಿದ್ದು 600. ಗುಣಕ 1.2 ಇರಬೇಕಿತ್ತೋ 1.35 ಇರಬೇಕಿತ್ತೋ ಎಂಬ ಚರ್ಚೆಗಿಂತ ಈ 900 ಕ್ಯಾಲೊರಿಯ ನಷ್ಟ ದೊಡ್ಡದು.

ಮನೆಯಲ್ಲಿ ಹಾಸಿಗೆ ಹಿಡಿದವರು

ಲಕ್ವ ಹೊಡೆದು ವರ್ಷಗಳಿಂದ ಮಲಗಿರುವ ಹಿರಿಯರಿಗೆ ಗಾಯ ಗುಣಕ 1, ಅಂದರೆ ಏನೂ ಸೇರಿಸುವುದಿಲ್ಲ. 42 ಕಿಲೊ ತೂಗುವ ಅಜ್ಜಿಗೆ 42 × 24 × 0.9 ಎಂದರೆ 907. ಮಗ್ಗುಲು ಬದಲಿಸಿ, ಒರಗಿ ಕೂರುವಷ್ಟು ಚಲನೆಗೆ 1.2ರಿಂದ ಗುಣಿಸಿದರೆ ಸುಮಾರು 1090. ಬೆನ್ನಹುರಿಗೆ ಪೆಟ್ಟಾದವರಲ್ಲಿ ಅಗತ್ಯ ಇನ್ನೂ ಇಳಿಯುತ್ತದೆ, ಏಕೆಂದರೆ ಸ್ವಾಧೀನವಿಲ್ಲದ ಸ್ನಾಯು ಸೊರಗುತ್ತದೆ. ಕೈಕಾಲು ನಾಲ್ಕೂ ಹೋದವರಿಗೆ ಕಿಲೊಗೆ ಸುಮಾರು 23, ಕಾಲುಗಳು ಮಾತ್ರ ಹೋದವರಿಗೆ ಸುಮಾರು 28 ಎಂಬ ಅಂದಾಜು ಬಳಕೆಯಲ್ಲಿದೆ. ಆದರೆ ಮಲಗಿದಲ್ಲೇ ಮಲಗಿ ಬೆನ್ನ ಕೆಳಗೆ ಹುಣ್ಣಾದರೆ ಲೆಕ್ಕ ಮತ್ತೆ ಏರುತ್ತದೆ: ಕಿಲೊಗೆ 30ರಿಂದ 35. ಆ ಅಜ್ಜಿಗೆ 1260ರಿಂದ 1470 ಬೇಕಾಗುತ್ತದೆ.

ಮನೆಯವರು ಪ್ರೀತಿಯಿಂದ ಕೊಡುವುದು ಹೆಚ್ಚಾಗಿ ಗಂಜಿ. ಒಂದು ಲೋಟ ತೆಳು ರಾಗಿ ಗಂಜಿಯಲ್ಲಿ ಹಿಟ್ಟು 20 ಗ್ರಾಂ ಇದ್ದರೆ ಕ್ಯಾಲೊರಿ ಸುಮಾರು 65. ದಿನಕ್ಕೆ ಐದು ಲೋಟ ಕುಡಿಸಿದರೆ 325. ಅಜ್ಜಿಯ ಹೊಟ್ಟೆ ತುಂಬಿರುತ್ತದೆ, ಮನೆಯವರ ಮನಸ್ಸೂ ತುಂಬಿರುತ್ತದೆ, ಅಗತ್ಯದ ಮೂರನೇ ಒಂದು ಭಾಗವೂ ಸಿಕ್ಕಿರುವುದಿಲ್ಲ. ಅದೇ ಗಂಜಿಯನ್ನು ನೀರಿನ ಬದಲು ಹಾಲಿನಲ್ಲಿ ಕಾಯಿಸಿ ಒಂದು ಚಮಚ ತುಪ್ಪ ಹಾಕಿದರೆ ಲೋಟಕ್ಕೆ 240ರ ಹತ್ತಿರ ಹೋಗುತ್ತದೆ. ಐದು ಲೋಟಕ್ಕೆ 1200.

ಲೆಕ್ಕ ತಪ್ಪಿದ್ದು ತಿಳಿಯುವ ಬಗೆ

ಖರ್ಚಾಗುವ ಶಕ್ತಿಯನ್ನು ನೇರವಾಗಿ ತಿಳಿಯಲು ರೋಗಿ ಸೇವಿಸುವ ಆಮ್ಲಜನಕವನ್ನೂ ಹೊರಬಿಡುವ ಇಂಗಾಲದ ಡೈಆಕ್ಸೈಡನ್ನೂ ಅಳೆಯುವ ಯಂತ್ರಗಳಿವೆ. ಅಂಥ ಅಳತೆಗೆ ಹೋಲಿಸಿದಾಗ ಸೂತ್ರಗಳ ಉತ್ತರ ಎಷ್ಟೋ ಐಸಿಯು ರೋಗಿಗಳಲ್ಲಿ 10 ಶೇಕಡಾಕ್ಕಿಂತ ಹೆಚ್ಚು ಆಚೀಚೆ ಆಗುತ್ತದೆ. ಯಂತ್ರ ದುಬಾರಿ, ಅದು ಇರುವ ಆಸ್ಪತ್ರೆಗಳು ಕಡಿಮೆ. ಹಾಗಾಗಿ ರೋಗಿಯನ್ನೇ ನೋಡಬೇಕು. ಅತಿಯಾಗಿ ಕೊಟ್ಟಿದ್ದರೆ ಸಕ್ಕರೆ ಕಾಯಿಲೆಯಿಲ್ಲದವನಲ್ಲೂ ರಕ್ತದ ಸಕ್ಕರೆ ಏರಿ ಇನ್ಸುಲಿನ್ ಬೇಕಾಗುತ್ತದೆ. ಹೆಚ್ಚಾದ ಸಕ್ಕರೆಯನ್ನು ದೇಹ ಕೊಬ್ಬಾಗಿ ಮಾರ್ಪಡಿಸುವಾಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಗುತ್ತದೆ. ಅದನ್ನು ಹೊರಹಾಕಲು ಉಸಿರಿನ ವೇಗ ಏರುತ್ತದೆ, ಯಂತ್ರದಿಂದ ಉಸಿರಾಟ ಬಿಡಿಸುವುದು ತಡವಾಗುತ್ತದೆ. ಯಕೃತ್ತಿನ ಪರೀಕ್ಷೆಗಳು ಕೆಡುತ್ತವೆ. ಕಡಿಮೆಯಾಗಿದ್ದರೆ ಚಿಹ್ನೆಗಳು ನಿಧಾನ: ಊತ ಇಳಿದ ಮೇಲೂ ವಾರದಿಂದ ವಾರಕ್ಕೆ ತೂಕ ಕುಸಿಯುತ್ತದೆ, ಕೆನ್ನೆಯ ಮೇಲ್ಭಾಗ, ಹೆಗಲು ಕುಳಿ ಬೀಳುತ್ತವೆ, ಹುಣ್ಣು ಮಾಯುವುದಿಲ್ಲ.

ಅಡಿಕೆ ಮರದಿಂದ ಬಿದ್ದವನ ಸೋಂಕು ಹತ್ತನೆಯ ದಿನಕ್ಕೆ ಇಳಿಯಿತು, ಸೇರಿದ್ದ ನೀರು ಹೋಗಿ ತಕ್ಕಡಿ 52 ತೋರಿಸಿತು ಎನ್ನೋಣ. ಊತದ ಮರೆಯಲ್ಲಿ ಅವನು 2 ಕಿಲೊ ನಿಜದ ದೇಹ ಕಳೆದುಕೊಂಡಿದ್ದ. ವಾಕರ್ ಹಿಡಿದು ವಾರ್ಡಿನ ತುದಿಯವರೆಗೆ ನಡೆಯಲು ಶುರು ಮಾಡಿದ್ದಾನೆ, ಹಸಿವೆ ಮರಳಿದೆ. ಒತ್ತಡ ಗುಣಕ ಇಳಿಯುವುದೂ ಚಟುವಟಿಕೆ ಏರುವುದೂ ಈಗಲೇ. ಕಳೆದುಕೊಂಡ ಸ್ನಾಯುವನ್ನು ಮತ್ತೆ ಕಟ್ಟಬೇಕಾದ ಈ ದಿನಗಳಲ್ಲಿ ಕಿಲೊಗೆ 35ರವರೆಗೆ, ಅಂದರೆ 1800 ಕ್ಯಾಲೊರಿಯ ಆಸುಪಾಸು ಕೊಟ್ಟರೆ ದೇಹ ಅದನ್ನು ಬಳಸಿಕೊಳ್ಳುತ್ತದೆ. ಐದನೆಯ ದಿನದ ಜ್ವರದಲ್ಲಿ ಅಪಾಯವಾಗುತ್ತಿದ್ದ ಊಟ ಅವನಿಗೆ ಹದಿನೈದನೆಯ ದಿನ ಬೇಕು, ಆದರೆ ಅಷ್ಟರಲ್ಲಿ ಡಿಸ್ಚಾರ್ಜ್ ಚೀಟಿ ಬರೆದಾಗಿರುತ್ತದೆ. ಆ ಚೀಟಿಯಲ್ಲಿ ಮಾತ್ರೆಗಳ ಕೆಳಗೆ ಇಂದಿನ ತೂಕವನ್ನೂ ದಿನದ ಕ್ಯಾಲೊರಿ, ಪ್ರೋಟೀನ್ ಗುರಿಯನ್ನೂ ಬರೆದು, ಎರಡು ವಾರದ ನಂತರ ಮತ್ತೆ ತೂಕ ನೋಡಲು ಹೇಳಬೇಕು.